ಬಚ್ಚಲುಮನೆಗೆ ಬಂದ ಯಂತ್ರ

ನಮ್ಮ ಮನೆಯಿರುವುದು ತೇರದಾಳದ ಹಳೆಯ ಓಣಿಯೊಂದರಲ್ಲಿ. ಮುಂದೆ ಕಟ್ಟೆ, ಅದರ ಹಿಂದೆ ಪಡಸಾಲೆ, ಪಡಸಾಲೆಯನ್ನು ದಾಟಿದರೆ ಅಡಿಗೆಯ ಮನೆ, ಅದಕ್ಕೆ ಹೊಂದಿಕೊಂಡು ಬಚ್ಚಲು, ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು. ಆ ಕಲ್ಲಿಗೆ ನಮ್ಮ ಮನೆತನದಷ್ಟೇ ವಯಸ್ಸಾಗಿದೆ. ನಮ್ಮ ತಾಯಿಯವರು ಈ ಮನೆಗೆ ಸೊಸೆಯಾಗಿ ಬಂದ ಮರುದಿನದಿಂದ ಅದರ ಮೇಲೆ ಬಟ್ಟೆ ಒಗೆದವರು. ಈಗ ಅವರ ಮೊಣಕಾಲು ಬಗ್ಗುವುದಿಲ್ಲ. ಆದರೂ ಕಲ್ಲನ್ನು ಬಿಟ್ಟುಕೊಡಲು ಮನಸ್ಸಿಲ್ಲ. ನಮ್ಮ ಮನೆಯವರ ಬೆನ್ನುನೋವಂತೂ ಹೇಳತೀರದು. ಇದನ್ನು ಕಂಡು ಪುಣೆಯಲ್ಲಿರುವ ನಮ್ಮ ಮಗನು ಕಳೆದ ದೀಪಾವಳಿಗೆ ಬರುವಾಗ ಬಟ್ಟೆ ಒಗೆಯುವ ಯಂತ್ರವೊಂದನ್ನು ಕೊಂಡು ಕಳಿಸಿದನು. ಮುಂಬಾಗಿಲಿನದು, ಏಳು ಕಿಲೋ ಬಟ್ಟೆ ಹಿಡಿಯುವಂಥದು.

ಯಂತ್ರವು ಬಂದಿತು ಸರಿ, ಅದನ್ನು ಇಡುವುದೆಲ್ಲಿ? ಪಡಸಾಲೆಯಲ್ಲಿ ನೀರು ಹೋಗಲು ಮೋರಿಯಿಲ್ಲ. ಹಿತ್ತಲಲ್ಲಿಟ್ಟರೆ ಬಿಸಿಲಿಗೆ ರಬ್ಬರಿನ ನಳಿಕೆಗಳು ಸೀಳುವುವು, ಇಲಿಗಳು ತಂತಿಗಳನ್ನು ಕಡಿಯುವುವು. ನೀರು ಬರುವುದೂ ಹೋಗುವುದೂ ಎರಡೂ ಇರುವ ಸ್ಥಳ ಬಚ್ಚಲೊಂದೇ ಎಂದು ಎಲ್ಲರೂ ಒಮ್ಮತದಿಂದ ನಿರ್ಣಯಿಸಿದೆವು. ನಿರ್ಣಯವೇನೂ ತಪ್ಪಲ್ಲ. ಆದರೆ ಬಚ್ಚಲು ನೀರಿಗಾಗಿ ಕಟ್ಟಿದ ಸ್ಥಳ; ಯಂತ್ರವೋ ಹೊಟ್ಟೆಯೊಳಗೆ ನೀರು ಬೇಡುತ್ತದೆ, ಮೈಮೇಲೆ ನೀರನ್ನು ಸಹಿಸುವುದಿಲ್ಲ. ಈ ಭೇದವನ್ನು ನಾವು ಮೊದಲೇ ವಿಚಾರಿಸದೆ ಹೋದುದರಿಂದ ಏನೇನಾಯಿತೆಂಬುದನ್ನು ವಾಚಕರ ಮುಂದೆ ಇದ್ದಕ್ಕಿದ್ದಂತೆ ಇಡುವೆವು.

ನಮ್ಮ ಬಚ್ಚಲು ಎಂಟು ಅಡಿ ಉದ್ದ, ಐದು ಅಡಿ ಅಗಲ. ಬಾಗಿಲಿನ ಎದುರು ಕೊನೆಯಲ್ಲಿ ಸ್ನಾನದ ನಳವೂ ಬಿಸಿನೀರಿನ ಬಂಬವೂ ಇವೆ. ನೆಲಕ್ಕೆ ಫರಸಿ ಕಲ್ಲು ಹಾಸಿದ್ದು, ಅದು ಮೂಲೆಯ ಜಾಲರಿಯ ಕಡೆಗೆ ಇಳಿಜಾರಾಗಿದೆ. ಯಂತ್ರವನ್ನು ತಂದವರು ಅದನ್ನು ಆ ಜಾಲರಿಯ ಪಕ್ಕಕ್ಕೇ ಇಟ್ಟರು. ಸ್ನಾನದ ನಳದ ಬದಿಗಿದ್ದ ಇನ್ನೊಂದು ನಳಕ್ಕೆ ನೀರಿನ ನಳಿಕೆಯನ್ನು ಸಿಕ್ಕಿಸಿದರು. ಕೊಳೆನೀರು ಹೊರಹಾಕುವ ಬೂದು ಬಣ್ಣದ ನಳಿಕೆಯನ್ನು ಯಂತ್ರದ ಬೆನ್ನಿನ ಕೊಂಡಿಯಿಂದ ಬಿಡಿಸಿ, ಜಾಲರಿಯ ಮೇಲೆ ಮಲಗಿಸಿದರು. ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಎಂದೋ ಕೂಡಿಸಿದ್ದ ಸಾಕೆಟ್ಟಿಗೆ ಪ್ಲಗ್ಗು ಚುಚ್ಚಿದರು. ಅರ್ಧ ತಾಸಿನಲ್ಲಿ ಎಲ್ಲವೂ ಮುಗಿಯಿತು. ತಾಯಿಯವರು ಅರಿಷಿಣ ಕುಂಕುಮ ಏರಿಸಿದರು.

ಮೊದಲನೆಯ ದಿನವೇ ಯಂತ್ರವು ಮುಷ್ಕರ ಹೂಡಿತು. ನೀರು ತುಂಬುವ ಸಪ್ಪಳವು ಕೇಳುತ್ತಲೇ ಇತ್ತು; ಕೊಂಚ ಹೊತ್ತಿನಲ್ಲಿ ಕೂಗು ಹಾಕಿ ನಿಂತುಬಿಟ್ಟಿತು. ನೀರು ಬರುತ್ತಿಲ್ಲವೆಂಬುದು ಅದರ ದೂರು. ಮತ್ತೆ ಹಚ್ಚಿದೆವು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಮಾಳಿಗೆಯ ಮೇಲಿನ ಟಾಕಿಯೇ ಅರ್ಧ ಬರಿದಾಯಿತು! ನೀರು ಬರುತ್ತಿಲ್ಲವೆಂದು ಕೂಗುವ ಯಂತ್ರವು ಅರ್ಧ ಟಾಕಿಯ ನೀರನ್ನು ಕುಡಿದುದೆಂತು?

ದುರಸ್ತಿಯ ಹುಡುಗನು ಬಂದು ನೋಡಿ, ನಿಮ್ಮ ನೀರಿಗೆ ಒತ್ತಡವಿಲ್ಲ, ಒತ್ತಡದ ಪಂಪೊಂದನ್ನು ಕೊಳ್ಳಬೇಕು ಎಂದು ಹೇಳಿದನು. ಈ ಮಾತು ಸುಳ್ಳೆಂದು ಹೇಳಲಾಗದು. ಹತ್ತು ಮೀಟರ್ ಎತ್ತರದಿಂದ ನಿಂತ ನೀರಿಗೆ ಹೆಚ್ಚು ಕಡಿಮೆ ಒಂದು ಬಾರ್ ಒತ್ತಡ. ನಮ್ಮ ಟಾಕಿಯ ತಳಕ್ಕೂ ಯಂತ್ರದ ನೀರಿನ ಬಾಯಿಗೂ ಇರುವ ಅಂತರ ಎರಡೂವರೆ ಮೀಟರ್. ಎಂದರೆ ಕಾಲು ಬಾರ್. ಯಂತ್ರದ ಪುಸ್ತಿಕೆಯು ೦.೩ ಬಾರ್ ಬೇಕೆನ್ನುತ್ತದೆ. ಟಾಕಿ ತುಂಬಿರುವಾಗ ಅದರೊಳಗಿನ ನೀರಿನ ಎತ್ತರವೂ ಕೂಡಿ ಸಾಕಷ್ಟಾಗುತ್ತದೆ, ಬರಿದಾಗುತ್ತ ಬಂದಂತೆ ಕೊರತೆ ಬೀಳುತ್ತದೆ. ಒಂದಂತಸ್ತಿನ ಮನೆಗಳಲ್ಲೆಲ್ಲ ಇದೇ ಅವಸ್ಥೆ.

ಆದರೆ ಹಣವನ್ನು ಬಿಚ್ಚುವ ಮೊದಲು ಒಂದು ಪರೀಕ್ಷೆಯನ್ನು ಮಾಡೋಣವೆಂದು ನಳಿಕೆಯನ್ನು ಯಂತ್ರದಿಂದ ಬಿಚ್ಚಿ, ಯಂತ್ರದ ಬಾಯಿಯಿರುವ ಎತ್ತರದಲ್ಲಿಯೇ ಅದನ್ನು ಹಿಡಿದು ಹತ್ತು ಲೀಟರಿನ ಬಕೆಟ್ಟೊಂದಕ್ಕೆ ಬಿಟ್ಟೆವು. ಎರಡು ನಿಮಿಷಕ್ಕೆ ಬಕೆಟ್ಟು ತುಂಬಿತು. ನಿಮಿಷಕ್ಕೆ ಐದು ಲೀಟರ್. ಇಂಥ ಯಂತ್ರವು ಒಂದು ಸಲಕ್ಕೆ ತುಂಬಿಕೊಳ್ಳುವುದು ಹತ್ತು ಹದಿನೈದು ಲೀಟರ್ ಮಾತ್ರ. ಹಾಗಾದರೆ ಮೂರು ನಿಮಿಷಗಳಲ್ಲಿ ಅದಕ್ಕೆ ತೃಪ್ತಿಯಾಗಬೇಕಾಗಿತ್ತು. ನೀರು ನಿಧಾನವಾಗಿ ಬಂದರೂ ಬರುತ್ತಲೇ ಇತ್ತು. ನಿಲ್ಲದೆ ಇದ್ದುದು ಒಳಗೆ.

ಆಗ ಬೂದು ನಳಿಕೆಯ ತುದಿಯನ್ನು ಅದೇ ಬಕೆಟ್ಟಿನೊಳಗೆ ಮಲಗಿಸಿ ಯಂತ್ರವನ್ನು ಹಚ್ಚಿದೆವು. ಇನ್ನೂ ತುಂಬುವ ಕಾಲ, ಪಂಪಿನ ಸಪ್ಪಳವೇ ಇಲ್ಲ. ಆದರೂ ಬಕೆಟ್ಟಿಗೆ ಸಾಬೂನಿನ ನೀರು ಸಳಸಳನೆ ಇಳಿಯತೊಡಗಿತು. ಗುಟ್ಟು ಬಯಲಾಯಿತು. ಇಂಥ ಯಂತ್ರಗಳಲ್ಲಿ ಕೊಳೆನೀರಿನ ದಾರಿಗೆ ಬಾಗಿಲಿರುವುದಿಲ್ಲ. ತಳದಲ್ಲಿ ಒಂದು ಸಣ್ಣ ಪಂಪು, ಅದಕ್ಕೆ ಕಟ್ಟಿದ ನಳಿಕೆ, ಇಷ್ಟೇ. ಒಳಗಿನ ನೀರು ಹೊರಗೆ ಹರಿಯದಂತೆ ತಡೆಯುವುದು ನಳಿಕೆಯ ಎತ್ತರವೊಂದೇ. ಅದರ ತುದಿಯನ್ನು ನೆಲಕ್ಕೆ ಇಳಿಬಿಟ್ಟರೆ, ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆಯೇ ಸರಿ. ಯಂತ್ರವು ತುಂಬುತ್ತದೆ, ನೆಲವು ಕುಡಿಯುತ್ತದೆ. ಇಲ್ಲಿ ನಮ್ಮ ಸಹೋದರಿಯರು ಗಮನಿಸತಕ್ಕುದೊಂದಿದೆ: ನೀರು ಬಾರದಿದ್ದರೂ, ಬಂದ ನೀರು ನಿಲ್ಲದಿದ್ದರೂ ಯಂತ್ರವು ಕೂಗುವ ಕೂಗು ಒಂದೇ. ಯಾವುದೆಂಬುದನ್ನು ಬಕೆಟ್ಟೇ ಹೇಳಬೇಕು.

ನಮ್ಮ ಓಣಿಯ ಗವಂಡಿಯು ಬಂದು ಗೋಡೆಗೆ ಎರಡು ಅಂಗುಲದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿದನು. ಅದರ ಮೇಲಿನ ಬಾಯಿ ಯಂತ್ರದ ಕಾಲುಗಳಿಂದ ಎರಡೂಮುಕ್ಕಾಲು ಅಡಿ ಎತ್ತರಕ್ಕೆ, ಅಂದರೆ ಸುಮಾರು ಎಂಬತ್ತು ಸೆಂಟಿಮೀಟರಿಗೆ ಇದೆ. ಅರವತ್ತಕ್ಕಿಂತ ಕೆಳಗಾದರೆ ಮೊದಲಿನ ಕಥೆಯೇ. ನೂರಕ್ಕಿಂತ ಮೇಲಾದರೆ ಆ ಸಣ್ಣ ಪಂಪಿಗೆ ನೀರನ್ನು ಎತ್ತುವ ಶಕ್ತಿ ಸಾಲದೆ ಬಟ್ಟೆಯಲ್ಲಿಯೇ ನೀರುಳಿಯುವುದು. ಕೊಳವೆಯ ಬುಡವನ್ನು ಬಾಗಿಸಿ ಜಾಲರಿಯ ಕೆಳಗಿನ ನಹಾಣಿ ಟ್ರ್ಯಾಪಿಗೆ ಕೂಡಿಸಿದೆವು. ಟ್ರ್ಯಾಪಿನಲ್ಲಿ ಸದಾ ಎರಡು ಅಂಗುಲ ನೀರು ನಿಂತಿರುವುದರಿಂದ ಗಟಾರದ ದುರ್ಗಂಧವು ಮೇಲೇರುವುದಿಲ್ಲ.

ಇಷ್ಟಾದ ಮೇಲೆ ಗವಂಡಿಯು ತನ್ನ ಕಡೆಯಿಂದ ಒಂದು ಉಪಕಾರವನ್ನು ಮಾಡಹೋದನು. ನಳಿಕೆಯನ್ನು ಕೊಳವೆಯೊಳಗೆ ಮೊಳದುದ್ದ ಇಳಿಸಿ, ಸುತ್ತಲಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚಲು ಸಿದ್ಧನಾದನು; ನೋಡಲು ಚಂದವಲ್ಲವೇ ಎಂಬುದು ಅವನ ವಾದ. ನಾವು ಕೈಹಿಡಿದು ನಿಲ್ಲಿಸಿದೆವು. ಹಿಂದಿನ ಕಾಲದಲ್ಲಿ ಚಿಮಣಿ ಎಣ್ಣೆಯನ್ನು ಡಬ್ಬಿಯಿಂದ ತೆಗೆಯಲು ರಬ್ಬರಿನ ಕೊಳವೆಯನ್ನು ಇಳಿಬಿಟ್ಟು ಒಮ್ಮೆ ಬಾಯಿಯಿಂದ ಎಳೆಯುತ್ತಿದ್ದುದು ನೆನಪಿರುವವರಿಗೆ ನೆನಪಿರಬಹುದು. ಒಮ್ಮೆ ಹರಿವು ಆರಂಭವಾದರೆ ಸಾಕು, ಎಣ್ಣೆಯು ಡಬ್ಬಿಯ ಅಂಚನ್ನೇರಿ ತಾನಾಗಿ ಕೆಳಗಿಳಿಯುತ್ತಲೇ ಇರುವುದು. ಗಾಳಿಯಾಡದಂತೆ ಮುಚ್ಚಿದ ಕೊಳವೆಯಲ್ಲಿಯೂ ಹಾಗೆಯೇ: ಪಂಪು ಒಂದಿಷ್ಟು ನೀರನ್ನು ತಳ್ಳಿ ನಿಂತರೂ ಕೆಳಗಿಳಿಯುವ ನೀರು ಹಿಂದಿನದನ್ನು ಎಳೆದುಕೊಂಡೇ ಹೋಗುವುದು. ಗಟಾರವು ಕಟ್ಟಿಕೊಂಡರಂತೂ ಮೇಲೇರಿದ ಹೊಲಸು ನೀರು ಬಟ್ಟೆಯ ಹೊಟ್ಟೆಗೇ ಹೋದೀತು. ಆದಕಾರಣ ನಳಿಕೆಯು ಐದಾರು ಅಂಗುಲ ಮಾತ್ರ ಒಳಗಿರಬೇಕು, ಸುತ್ತಲೂ ಗಾಳಿಗೆ ಸಂದಿಯಿರಬೇಕು, ಜಾರಿ ಹೊರಬೀಳದಂತೆ ದಾರದಿಂದ ಕಟ್ಟಿರಬೇಕು. ಕೆಲಸವು ಮುಗಿದ ಮೇಲೆ ತುಂಬಿದ ಕೊಡವೊಂದನ್ನು ಕೊಳವೆಯ ಬಾಯಿಗೆ ಬೇಗ ಬೇಗನೆ ಸುರಿದು ನೋಡಿದೆವು. ಮೊದಲ ಸಲ ಜಾಲರಿಯಿಂದ ನೀರು ಉಕ್ಕಿ ನೆಲಕ್ಕೆ ಹರಿಯಿತು. ಟ್ರ್ಯಾಪಿನಲ್ಲಿ ಕೂದಲು ಮತ್ತು ನೂಲಿನ ಗಂಟೊಂದು ಸಿಕ್ಕಿತ್ತು. ಅದನ್ನು ತೆಗೆದ ಮೇಲೆ ಕೊಡದ ನೀರೆಲ್ಲ ಸದ್ದಿಲ್ಲದೆ ಇಳಿಯಿತು.

ಇನ್ನು ಯಂತ್ರವು ಚೆನ್ನಾಗಿ ನಡೆಯುವುದೆಂದು ನಾವು ನಿಶ್ಚಿಂತರಾಗಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ತಾಯಿಯವರು ಸ್ನಾನ ಮುಗಿಸಿ, ಒದ್ದೆಗಾಲಿನಲ್ಲಿಯೇ ನಿಂತು, ಗೋಡೆಯ ಆಸರೆಗೆ ಹಿಡಿಯುವಂತೆ ಯಂತ್ರದ ಅಂಚನ್ನು ಹಿಡಿದರು. ಹಿಡಿದವರೇ ಕೈ ಹಿಂದೆಗೆದುಕೊಂಡು, “ತಮ್ಮಾ, ಇದರ ಮೈ ಮುಟ್ಟಿದ್ರ ಜುಂ ಅಂತೈತಿ ನೋಡ” ಎಂದರು. ನಮ್ಮ ಮನೆಯವರು ಬಂದು ಮುಟ್ಟಿದರು, ಅವರಿಗೇನೂ ಆಗಲಿಲ್ಲ. “ಮುಪ್ಪಿನ ಕೈ, ಜೋಮು ಹಿಡಿದಿರಬೇಕ್ರಿ ಅತ್ತಿ” ಎಂದು ಅವರು ಸಮಾಧಾನ ಹೇಳಿದರು. ನಾವೂ ಒಂದು ಕ್ಷಣ ಹಾಗೆಯೇ ಎಣಿಸಿದೆವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ನೋಡಿದರೆ, ನಮ್ಮ ಮನೆಯವರ ಕಾಲಲ್ಲಿ ರಬ್ಬರಿನ ಚಪ್ಪಲಿಯಿತ್ತು. ತಾಯಿಯವರದು ಬರಿಗಾಲು, ಅದೂ ಒದ್ದೆ. ಎದೆ ಝಲ್ಲೆಂದಿತು. ಯಂತ್ರವನ್ನು ಮುಟ್ಟದೆ, ಬಚ್ಚಲಿನಿಂದ ಹೊರಗೆ ಬಂದು, ಮನೆಯ ಮುಖ್ಯ ಸ್ವಿಚ್ಚನ್ನೇ ಇಳಿಸಿದೆವು.

ವಿದ್ಯುತ್ತಿನ ಕೆಲಸದವರು ಬಂದು ಸಾಕೆಟ್ಟನ್ನು ಬಿಚ್ಚಿ ತೋರಿಸಿದರು. ಮೂರು ತೂತುಗಳಲ್ಲಿ ಮೇಲಿನ ದೊಡ್ಡ ತೂತಿಗೆ, ಎಂದರೆ ಭೂಮಿಗೆ ಹೋಗಬೇಕಾದ ದಾರಿಗೆ, ತಂತಿಯನ್ನೇ ಕೂಡಿಸಿರಲಿಲ್ಲ. ಮೊದಲು ಕೂಡಿಸಿದವರು ಯಾರೋ, ತೂತು ಇದ್ದರಾಯಿತೆಂದು ಬಿಟ್ಟಿದ್ದರು. ಇಂದಿನ ಯಂತ್ರಗಳೊಳಗೆ ವಿದ್ಯುತ್ತನ್ನು ಶೋಧಿಸುವ ಒಂದು ಸಣ್ಣ ಸಾಧನವಿರುತ್ತದೆ; ಅದು ತೀರ ಅಲ್ಪವಾದ ಪ್ರವಾಹವನ್ನು ಯಂತ್ರದ ಮೈಗೆ ಬಿಡುತ್ತಲೇ ಇರುವುದು. ಭೂಸಂಪರ್ಕವಿದ್ದರೆ ಅದು ತಂತಿಯ ಮೂಲಕ ನೆಲಕ್ಕೆ ಹೋಗುವುದು, ನಮಗೆ ಗೊತ್ತೇ ಆಗದು. ತಂತಿಯಿಲ್ಲದಿದ್ದರೆ ಯಂತ್ರದ ಮೈಯು ೨೩೦ ವೋಲ್ಟಿನ ಅರ್ಧದಷ್ಟು ಒತ್ತಡದಲ್ಲಿ ನಿಂತು, ಮುಟ್ಟಿದವರ ಮೂಲಕ ಇಳಿಯಲು ಹವಣಿಸುವುದು. ಆ ಅಲ್ಪ ಪ್ರವಾಹವು ಸಾಮಾನ್ಯವಾಗಿ ಕೊಲ್ಲುವಂಥದಲ್ಲ. ಆದರೆ ಒಳಗಿನ ನೀರು ಕಾಯಿಸುವ ಸುರುಳಿಯು ಎಂದಾದರೊಂದು ದಿನ ಒಡೆದರೆ, ಅಂದು ಆ ಪ್ರವಾಹಕ್ಕೂ ಒದ್ದೆಗಾಲಿನವರ ಮೈಯೇ ದಾರಿಯಾಗುವುದು. ಜುಂ ಎಂದುದು ತಾಯಿಯವರ ಮುಪ್ಪಲ್ಲ, ಇಲ್ಲದ ತಂತಿಯ ಸುದ್ದಿ. ಯಾರ ಮನೆಯಲ್ಲಾದರೂ ಹಿರಿಯರು ಹೀಗೆಂದರೆ ಯಂತ್ರವನ್ನು ಆ ಕ್ಷಣವೇ ಬಂದುಮಾಡತಕ್ಕದ್ದು. ಚಪ್ಪಲಿ ಹಾಕಿಕೊಂಡು ಬಳಸುತ್ತ ಹೋಗುವುದು ಪರಿಹಾರವಲ್ಲ.

ಮೊಣಕಾಲಿನೆತ್ತರದ ಆ ಸಾಕೆಟ್ಟನ್ನು ಕಿತ್ತು ತೂತನ್ನು ಮುಚ್ಚಿಸಿದೆವು. ಸ್ನಾನ ಮಾಡುವವರ ತಂಬಿಗೆಯ ನೀರು ಎಲ್ಲಿಯವರೆಗೆ ಚಿಮ್ಮುವುದೆಂದು ನೋಡಿದವರಿಗೆ ಆ ಎತ್ತರದ ಅವಿವೇಕವು ತಾನೇ ತಿಳಿಯುವುದು. ಅಂತರರಾಷ್ಟ್ರೀಯ ವಿದ್ಯುತ್ ನಿಯಮಗಳ ಪ್ರಕಾರ, ತೊಟ್ಟಿಯಿಲ್ಲದೆ ಮೇಲಿನಿಂದ ನೀರು ಸುರಿಯುವ ಶವರ್ ಇದ್ದಲ್ಲಿ, ಆ ಶವರಿನಿಂದ ೧.೨ ಮೀಟರ್ ಒಳಗೆ ಸಾಕೆಟ್ಟು ಇರಲೇಕೂಡದು. ನಮ್ಮ ತಂಬಿಗೆಯ ಸ್ನಾನಕ್ಕೂ ಇದೇ ಅಳತೆಯನ್ನು ಹಿಡಿದು, ಅದಕ್ಕಿಂತ ಹೆಚ್ಚಾಗಿಯೇ, ಸ್ನಾನದ ನಳದಿಂದ ಆರು ಅಡಿ ದೂರದಲ್ಲಿ ಬಾಗಿಲಿನ ಬದಿಯ ಗೋಡೆಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಹೊಸ ಸಾಕೆಟ್ಟನ್ನು ಕೂಡಿಸಿದೆವು. ಇನ್ನೂ ಮೇಲಕ್ಕೆ ಇಡಬಹುದಾಗಿತ್ತು. ಆದರೆ ಯಂತ್ರದ ತಂತಿಯು ಐದು ಅಡಿಯಷ್ಟೇ ಉದ್ದ, ಅದನ್ನು ಎಳೆದು ಬಿಗಿಮಾಡಬಾರದು. ತಂತಿಯು ಮೊದಲು ಕೆಳಗೆ ಜೋತು ಬಿದ್ದು ಆಮೇಲೆ ಪ್ಲಗ್ಗಿನ ಕಡೆಗೆ ಏರಬೇಕು. ಹಾಗಿದ್ದರೆ ಅದರ ಮೇಲೆ ಹರಿದು ಬಂದ ಹನಿಯು ಬಳುಕಿನಲ್ಲಿಯೇ ಉದುರಿಹೋಗುವುದು. ನೀರು ಕಾಯಿಸುವಾಗ ಯಂತ್ರವು ಎರಡು ಸಾವಿರ ವ್ಯಾಟಿನಷ್ಟು ಎಳೆಯುವುದರಿಂದ ಒಂಬತ್ತು ಅಂಪಿಯರ್ ಬೇಕು. ಆದುದರಿಂದ ಹದಿನಾರು ಅಂಪಿಯರಿನ ಮುಚ್ಚಳವಿರುವ ಸಾಕೆಟ್ಟೇ ಆಗಬೇಕು. ಸ್ವಿಚ್ಚನ್ನು ಬಚ್ಚಲಿನ ಹೊರಗೆ ಕೂಡಿಸಿದೆವು. ಮುಖ್ಯ ಹಲಗೆಯಲ್ಲಿ ಮೂವತ್ತು ಮಿಲಿ ಅಂಪಿಯರಿನ ಆರ್‌ಸಿಸಿಬಿಯನ್ನು ಹಾಕಿಸಿದೆವು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿರದಿದ್ದರೆ, ಎಲ್ಲಿಯೋ ಸೋರಿತೆಂದು ತಿಳಿದು ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಡಿದುಹಾಕುವುದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಅಮಾವಾಸ್ಯೆಗೊಮ್ಮೆ ಒತ್ತುವ ಕೆಲಸವನ್ನು ತಾಯಿಯವರೇ ವಹಿಸಿಕೊಂಡಿರುವರು.

ಸಾಕೆಟ್ಟು ಬಾಗಿಲ ಬಳಿಗೆ ಬಂದುದರಿಂದ ಯಂತ್ರವೂ ಅಲ್ಲಿಗೆ ಬರಬೇಕಾಯಿತು. ನೀರಿನ ನಳವನ್ನು ಸಾಕೆಟ್ಟಿನ ಕೆಳಗೆ ನೇರವಾಗಿರದಂತೆ, ಒಂದಡಿಗಿಂತ ಹೆಚ್ಚು ಬದಿಗೆ ಸರಿಸಿ, ಅದಕ್ಕಿಂತ ತಗ್ಗಿನಲ್ಲಿ ಕೂಡಿಸಿದೆವು. ನಳಿಕೆಯ ವಾಶರು ಹರಿದು ನೀರು ಚಿಮ್ಮಿದರೂ ಅದು ಕೆಳಗೇ ಇಳಿಯಬೇಕು. ಒಗೆತ ಮುಗಿದೊಡನೆ ಆ ನಳವನ್ನು ಬಂದುಮಾಡುವೆವು. ನಮ್ಮ ಬೋರಿನ ನೀರು ಗಡಸು. ನಳಿಕೆಯ ಬಾಯಲ್ಲಿರುವ ಸಣ್ಣ ಜಾಳಿಗೆಯಲ್ಲಿ ಬಿಳಿಯ ಪುಡಿಯು ಕಟ್ಟಿಕೊಳ್ಳುವುದರಿಂದ ಅದನ್ನು ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವೆವು.

ಉಳಿದುದು ಕುಣಿತ. ಬಟ್ಟೆಯನ್ನು ಹಿಂಡಲು ಯಂತ್ರವು ವೇಗ ಹಿಡಿಯಿತೆಂದರೆ ಬಂಬದ ಮುಚ್ಚಳವು ತಾಳ ಹಾಕುತ್ತಿತ್ತು. ಒಗೆತವು ಮುಗಿಯುವ ಹೊತ್ತಿಗೆ ಯಂತ್ರವು ನಾಲ್ಕು ಅಂಗುಲ ಬಾಗಿಲಿನ ಕಡೆಗೆ ನಡೆದುಬಂದಿರುತ್ತಿತ್ತು. ಸಾಗಾಟದ ಕಾಲಕ್ಕೆ ಒಳಗಿನ ಡೋಲನ್ನು ಬಿಗಿಯಲು ಬೆನ್ನಿಗೆ ಹಾಕಿದ ನಾಲ್ಕು ಬೋಲ್ಟುಗಳನ್ನು ತೆಗೆಯದಿದ್ದರೆ ಹೀಗಾಗುವುದುಂಟು. ನಮ್ಮಲ್ಲಿ ಅವನ್ನು ತೆಗೆದಿದ್ದರು. ಇದರ ಮೂಲವನ್ನು ಕಂಡುಹಿಡಿದವರು ನಮ್ಮ ನೆರೆಮನೆಯ ನೇಕಾರ ಕಾಕಾ ಅವರು. ತೇರದಾಳ, ರಬಕವಿ, ಬನಹಟ್ಟಿಗಳ ಕಡೆ ಮಗ್ಗದ ಸಪ್ಪಳದಲ್ಲಿಯೇ ಹುಟ್ಟಿ ಬೆಳೆದವರಿಗೆ ನೆಲದ ಸ್ವಭಾವವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಅವರು ಕುಕ್ಕುರುಗಾಲಿನಲ್ಲಿ ಕುಳಿತು ಫರಸಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಮಧ್ಯದಲ್ಲಿ ಗಟ್ಟಿ ಸದ್ದು, ಮೂಲೆಯಲ್ಲಿ ಪೊಳ್ಳು ಸದ್ದು. “ಮಾಸ್ತರ, ಕಲ್ಲಿನ ಬುಡಕ ಏನೂ ಇಲ್ರಿ. ನೆಲ ಗಟ್ಟಿ ಇಲ್ಲಂದ್ರ ಮಗ್ಗಾನೂ ಹಿಂಗ ಕುಣೀತೈತಿ” ಎಂದರು.

ಪೊಳ್ಳು ಒಂದು ದೋಷ, ಇಳಿಜಾರು ಇನ್ನೊಂದು. ನೀರು ಹರಿಯಲೆಂದು ಇರಿಸಿದ ಇಳಿಜಾರಿನಿಂದ ಯಂತ್ರದ ಎರಡಡಿ ಅಗಲದಲ್ಲಿಯೇ ಒಂದು ಸೆಂಟಿಮೀಟರ್ ತಗ್ಗಾಗುತ್ತಿತ್ತು. ತಿರುಪಿನ ಕಾಲುಗಳನ್ನು ಪೂರ್ತಿ ಹೊರಗೆಳೆದು ಮಟ್ಟಮಾಡಿದ್ದರಿಂದ ಅವು ಬಡಕಲಾಗಿ ಅಲುಗುತ್ತಿದ್ದುವು. ಮಾರುಕಟ್ಟೆಯ ಗಾಲಿಯ ಸ್ಟ್ಯಾಂಡನ್ನು ತರುವ ಯೋಚನೆಯಿತ್ತು; ಕಾಕಾ ಅವರು, ಕುಣಿಯುವವಳಿಗೆ ಗೆಜ್ಜೆ ಕಟ್ಟಿದಂತಾದೀತೆಂದು ನಕ್ಕರು. ಅಲ್ಲಿಯ ಫರಸಿಯನ್ನು ಕಿತ್ತು, ಗಟ್ಟಿ ನೆಲ ಸಿಗುವವರೆಗೆ ಅಗೆದು, ನಾಲ್ಕು ಅಂಗುಲ ಎತ್ತರದ ಕಾಂಕ್ರೀಟಿನ ಕಟ್ಟೆಯನ್ನು ಕಟ್ಟಿಸಿ, ಎರಡೂ ದಿಕ್ಕಿಗೆ ರಸಮಟ್ಟವಿಟ್ಟು ನೋಡಿದೆವು. ಹತ್ತು ದಿನ ನೀರುಣಿಸಿದೆವು. ಯಂತ್ರವನ್ನಿಟ್ಟ ಮೇಲೆ ಮೂಲೆಯಿಂದ ಮೂಲೆಗೆ ಒತ್ತಿ ನೋಡಿ, ಅಲುಗಿದ ಕಾಲನ್ನು ತಿರುಗಿಸಿ, ಅದರ ಮೇಲಿನ ನಟ್ಟನ್ನು ಬಿಗಿಮಾಡಿದೆವು. ಕೊಳೆನೀರಿನ ಕೊಳವೆಯನ್ನೂ ಈ ಹೊಸ ಮಟ್ಟದಿಂದಲೇ ಅಳೆದು ಇಲ್ಲಿಗೆ ತರಬೇಕಾಯಿತು. ಮೊದಲೇ ವಿಚಾರಿಸಿದ್ದರೆ ಗವಂಡಿಯ ಎರಡನೆಯ ಕೂಲಿಯು ಉಳಿಯುತ್ತಿತ್ತು.

ಈಗ ಯಂತ್ರದ ಮೇಲೆ ನೀರಿನ ಲೋಟವನ್ನಿಟ್ಟರೆ ನೀರಿನಲ್ಲಿ ಸುಳಿ ಏಳುವುದು, ಆದರೆ ತುಳುಕದು. ಒಂದು ಬಟ್ಟೆಗೆ ಮಾತ್ರ ಈ ಮಾತು ಸಲ್ಲದು, ಅದು ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿಯು ನೀರು ಕುಡಿದು ಡೋಲಿನ ಒಂದೇ ಬದಿಗೆ ಮುದ್ದೆಯಾಗಿ ಕುಳಿತುಬಿಡುವುದು. ಡೋಲು ನಿಮಿಷಕ್ಕೆ ೧೨೦೦ ಸುತ್ತು ತಿರುಗುವಾಗ ಒಂದು ಬದಿಗೆ ಬರಿಯ ಮುನ್ನೂರು ಗ್ರಾಮು ಭಾರವು ಹೆಚ್ಚಾದರೂ ಅದು ನೂರು ಕಿಲೋ ಮೀರಿದ ಬಲದಿಂದ ಹೊರಕ್ಕೆ ಎಳೆಯುವುದೆಂದು ಲೆಕ್ಕ ಹಾಕಿ ನೋಡಿದೆವು. ಇದರಲ್ಲಿ ಹೆಚ್ಚಿನ ಪಾಲನ್ನು ಒಳಗಿನ ಸ್ಪ್ರಿಂಗುಗಳು ನುಂಗುತ್ತವೆ. ಉಳಿದುದು ಕಾಲಿಗೆ ಬರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಈ ಎಳೆತವು ಕಾಲು ಪಾಲಾಗುವುದು. ಅದಕ್ಕೆಂದೇ ದಪ್ಪ ಚಾದರಗಳನ್ನು ಹಿಂಡುವಾಗ ೬೦೦ಕ್ಕೆ ಇಡುತ್ತೇವೆ, ಒಂಟಿ ಚಾದರವನ್ನು ಹಾಕದೆ ಜೊತೆಗೆ ಎರಡು ಟವೆಲ್ಲುಗಳನ್ನು ಹಾಕುತ್ತೇವೆ.

ಕೌದಿಯನ್ನು ಯಂತ್ರಕ್ಕೆ ಹಾಕುವುದನ್ನು ಬಿಟ್ಟಿದ್ದೇವೆ. ಯುಗಾದಿಗೆ ಮೊದಲು ನಮ್ಮ ಮನೆಯ ಆರು ಕೌದಿಗಳು ಹಿತ್ತಲ ಕಲ್ಲಿನ ಮೇಲೆಯೇ ಒಗೆಯಲ್ಪಟ್ಟವು. ತುಳಿದವರು ನಾವು, ತಾಯಿಯವರು ಕಟ್ಟೆಯ ಮೇಲೆ ಕುಳಿತು, ಯಾವ ತುದಿಯಲ್ಲಿ ಇನ್ನೂ ಕೊಳೆ ಉಳಿದಿದೆಯೆಂಬುದನ್ನು ತೋರಿಸುತ್ತಿದ್ದರು.